ಟೈಲ್ಸ್ ಗೋದಾಮಿನ ಎಣಿಕೆಗೂ ಕಂಪ್ಯೂಟರಿನ ಸ್ಟಾಕಿಗೂ ತಾಳೆಯಾಗುತ್ತಿಲ್ಲ: ಕಾರಣ ಹುಡುಕುವುದು ಎಲ್ಲಿಂದ?

ಕುಮಟಾ ಟೈಲ್ಸ್ ಅಂಗಡಿ

ನಮ್ಮದು ಕುಮಟಾದಲ್ಲಿ ಟೈಲ್ಸ್, ನಲ್ಲಿ ಮತ್ತು ಸ್ಯಾನಿಟರಿ ಸಾಮಾನುಗಳ ಅಂಗಡಿ. ಲೆಕ್ಕ ಟ್ಯಾಲಿಯಲ್ಲಿದೆ. ಭಾನುವಾರ ಅಂಗಡಿಗೆ ರಜೆ ಇದ್ದಾಗ ನಾವು ನಾಲ್ವರು ಸೇರಿ ಗೋದಾಮನ್ನು ಪೂರ್ತಿ ಎಣಿಸಿದೆವು. ಹೆಚ್ಚಿನ ಐಟಂಗಳಲ್ಲಿ ಒಂದೆರಡು ಬಾಕ್ಸಿನ ಅಂತರವಷ್ಟೇ ಬಂದಿತು, ಆದರೆ ಕೆಲವು ಕಡೆ ಅಂತರ ದೊಡ್ಡದಾಗಿದೆ. 2×2 ಅಡಿಯ ಐವರಿ ಟೈಲ್ಸ್ ಕಂಪ್ಯೂಟರಿನಲ್ಲಿ 214 ಬಾಕ್ಸ್ ಇದ್ದು, ಗೋದಾಮಿನಲ್ಲಿ 171 ಮಾತ್ರ ಸಿಕ್ಕಿದೆ. ಅದೇ ಕಂಪನಿಯ ಕ್ರೀಮ್ ಟೈಲ್ಸ್ 96 ಇರಬೇಕಾದಲ್ಲಿ 105 ಇದೆ. ಹಿತ್ತಾಳೆಯ ನಲ್ಲಿಗಳು 64 ಇರಬೇಕಾಗಿತ್ತು, 51 ಇವೆ. ಸಮಾಧಾನದ ವಿಷಯವೆಂದರೆ ಅತಿ ಹೆಚ್ಚು ಮಾರಾಟವಾಗುವ ಗ್ರೇ ಟೈಲ್ಸ್ 80 ಬಾಕ್ಸಿಗೆ 80 ಸರಿಯಾಗಿ ಬಂದಿದೆ.

ಮನೆಯಲ್ಲಿ ಎಲ್ಲರೂ ಇದನ್ನು ಕಳ್ಳತನವೆಂದೇ ಹೇಳುತ್ತಿದ್ದಾರೆ. ಗೋದಾಮಿನಲ್ಲಿ ಕೆಲಸ ಮಾಡುವವರು ವರ್ಷಗಳಿಂದ ನಮ್ಮ ಜೊತೆಗಿದ್ದವರಾದ ಕಾರಣ, ಖಚಿತವಾಗದೆ ಯಾರನ್ನೂ ಕೇಳಲು ನನಗೆ ಮನಸ್ಸಿಲ್ಲ. ಎಲ್ಲಿಂದ ಆರಂಭಿಸಬೇಕೆಂದು ತಿಳಿದವರು ದಯವಿಟ್ಟು ಹೇಳಬೇಕು.

ಭಟ್ಕಳ ಟ್ರೇಡರ್ಸ್

ಇಷ್ಟಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಟ್ಯಾಲಿಯಲ್ಲಿ ಫಿಸಿಕಲ್ ಸ್ಟಾಕ್ ವೋಚರ್ ಎಂಬುದು ಇದಕ್ಕಾಗಿಯೇ ಇದೆ. ಎಣಿಸಿದ ಸಂಖ್ಯೆಯನ್ನು ಅದರಲ್ಲಿ ನಮೂದಿಸಿದರೆ ಆ ದಿನದಿಂದ ಸ್ಟಾಕ್ ಸರಿಯಾಗುತ್ತದೆ. ಟೈಲ್ಸ್ ಎಂದಮೇಲೆ ಒಡೆಯುವುದು ಇದ್ದೇ ಇದೆ. ನಾವು ಪ್ರತಿ ಮಾರ್ಚ್ ಕೊನೆಗೆ ಹಾಗೆಯೇ ಮಾಡುತ್ತೇವೆ.

ಹೊನ್ನಾವರ ಹಾರ್ಡ್‌ವೇರ್

ಕ್ರೀಮ್ ಟೈಲ್ಸಿನ ಅಂತರ 9 ಇರುವುದನ್ನು ಗಮನಿಸಿ. ಅಂತರವು 9ರಿಂದ ಭಾಗವಾಗುವಂತಿದ್ದರೆ ಯಾರೋ ಅಂಕಿಗಳನ್ನು ಹಿಂದುಮುಂದು ಮಾಡಿ ಟೈಪ್ ಮಾಡಿದ್ದಾರೆಂದೇ ಅರ್ಥ: 45ರ ಬದಲು 54, ಅಥವಾ 12ರ ಬದಲು 21. ನಾನು ಕೆಲಸಕ್ಕಿದ್ದಲ್ಲಿ ಹಿರಿಯ ಗುಮಾಸ್ತರು ಇದನ್ನು ಕಲಿಸಿದ್ದರು. ಖರೀದಿ ಬಿಲ್ಲುಗಳಲ್ಲಿ ಅಂತಹ ಜೋಡಿ ಹುಡುಕಿದರೆ ಸಿಕ್ಕೇ ಸಿಗುತ್ತದೆ.

ಲೆಕ್ಕ ಪರಿಶೋಧನೆ, ಕಾರವಾರ

ಕುಮಟಾದವರು ಯಾರನ್ನೂ ಕೇಳುವ ಮೊದಲು ಇಲ್ಲಿ ಬರೆದದ್ದು ಒಳ್ಳೆಯದಾಯಿತು. ಫಿಸಿಕಲ್ ಸ್ಟಾಕ್ ವೋಚರನ್ನು ದಯವಿಟ್ಟು ಈಗಲೇ ಹಾಕಬೇಡಿ. ಭಟ್ಕಳದವರು ಹೇಳಿದಂತೆ ಅದು ಸಂಖ್ಯೆಯನ್ನು ಸರಿಪಡಿಸುತ್ತದೆ ಎಂಬುದು ನಿಜ, ಆದರೆ ಕಾರಣ ತಿಳಿಯದೆ ಹಾಕಿದರೆ ಅದು ಮುಂದಿನ ತಪ್ಪಿಗೆ ದಾರಿಯಾಗುತ್ತದೆ. ಶನಿವಾರ ಸಂಜೆ ಚಲನ್ ಮೇಲೆ 24 ಬಾಕ್ಸ್ ಐವರಿ ಗಿರಾಕಿಯ ಮನೆಗೆ ಹೋಗಿದ್ದು, ಬಿಲ್ ಸೋಮವಾರ ಆಗುತ್ತದೆ ಎಂದಿಟ್ಟುಕೊಳ್ಳೋಣ. ನೀವು ಭಾನುವಾರದ ತಾರೀಖಿಗೆ 171 ಎಂದು ವೋಚರ್ ಹಾಕಿದರೆ, ಸೋಮವಾರದ ಬಿಲ್ಲು ಮತ್ತೆ 24 ಕಳೆದು ಪುಸ್ತಕದಲ್ಲಿ 147 ಉಳಿಸುತ್ತದೆ, ಗೋದಾಮಿನಲ್ಲಿ ಮಾತ್ರ 171 ಹಾಗೆಯೇ ಇರುತ್ತದೆ. ಮುಂದಿನ ಎಣಿಕೆಯಲ್ಲಿ 24 ಹೆಚ್ಚು ಬರಬೇಕಾದಲ್ಲಿ ಯಾರಾದರೂ ಅಷ್ಟನ್ನು ಒಯ್ದಿದ್ದರೂ ಲೆಕ್ಕ ಸರಿಯಾಗಿಯೇ ಕಾಣುತ್ತದೆ.

9ರ ಸೂತ್ರ ಸುಳ್ಳಲ್ಲ. ಆದರೆ ಅದು ಸಂಶಯಕ್ಕೆ ಎಡೆಕೊಡುತ್ತದೆಯೇ ಹೊರತು ತೀರ್ಮಾನ ಕೊಡುವುದಿಲ್ಲ. ಇಲ್ಲಿ ಒಂದು ಐಟಂ ಹೆಚ್ಚು ಬಂದಿದ್ದು, ಅದರ ಪಕ್ಕದ, ನೋಡಲು ಹೋಲುವ ಐಟಂ ಕಡಿಮೆ ಬಂದಿದೆ. ಹೀಗಿರುವಾಗ ನಾನು ಮೊದಲು ನೋಡುವುದು ಅದಲುಬದಲನ್ನು. ಕ್ರೀಮ್ ಎಂದು ಬಿಲ್ ಮಾಡಿ ಐವರಿ ಕಳುಹಿಸಿದ್ದರೆ ಕ್ರೀಮ್ 9 ಹೆಚ್ಚೂ ಐವರಿ 9 ಕಡಿಮೆಯೂ ಆಗುತ್ತವೆ.

ನನ್ನ ಕ್ರಮ ಇಷ್ಟೇ: ಹೆಚ್ಚು ಬಂದ ಐಟಂಗಳನ್ನು ಮೊದಲು ಹಿಡಿಯಿರಿ. ಕಳ್ಳತನದಿಂದಾಗಲಿ ಒಡೆಯುವುದರಿಂದಾಗಲಿ ಗೋದಾಮಿನಲ್ಲಿ ಮಾಲು ಹೆಚ್ಚಾಗುವುದಿಲ್ಲ. ಹೆಚ್ಚು ಬಂದಿದೆ ಎಂದರೆ ತಪ್ಪು ಎಣಿಕೆಯಲ್ಲಿದೆ ಅಥವಾ ಬರವಣಿಗೆಯಲ್ಲಿದೆ, ಮತ್ತು ಅದೇ ತಪ್ಪು ಬಹಳ ಸಲ ಇನ್ನೊಂದು ಐಟಂನ ಕೊರತೆಯನ್ನೂ ವಿವರಿಸುತ್ತದೆ. ಐವರಿಯ ವಿಷಯದಲ್ಲಿ ಎಣಿಸಿದ ದಿನದ ಹಿಂದುಮುಂದಿನ ನಾಲ್ಕೈದು ದಿನಗಳ ಚಲನ್ ಪುಸ್ತಕ, ಖರೀದಿ ಬಿಲ್ಲು, ವಾಪಸಾತಿಯ ಕ್ರೆಡಿಟ್ ನೋಟ್ ಈ ಮೂರನ್ನು ಮೇಜಿನ ಮೇಲಿಟ್ಟು, ಮಾಲು ನಿಜವಾಗಿ ಬಾಗಿಲು ದಾಟಿದ ದಿನವನ್ನೂ ಕಂಪ್ಯೂಟರಿನಲ್ಲಿ ಬರೆದ ದಿನವನ್ನೂ ಹೋಲಿಸಿ ನೋಡಿ.

ಶಿರಸಿ ಅಡಿಕೆ ವಖಾರಿ

ನಮಗೂ ಇದೇ ತೊಂದರೆ ಇದೆ. ನಾವು ಚಾಲಿ ಅಡಿಕೆಯನ್ನು ಚೀಲಗಳಲ್ಲಿ ಇಡುತ್ತೇವೆ. ಖರೀದಿಸಿದ ತೂಕಕ್ಕೂ ಮಾರುವಾಗಿನ ತೂಕಕ್ಕೂ ತಾಳೆಯೇ ಆಗುವುದಿಲ್ಲ, ಕಳ್ಳತನವಾಗಿಲ್ಲ ಎಂಬುದು ನನಗೆ ಖಚಿತ. ಹಾಗಿದ್ದ ಮೇಲೆ ಟೈಲ್ಸಿನಲ್ಲೂ ಸ್ವಲ್ಪ ಅಂತರ ಸಹಜವೆಂದು ಬಿಡಬಹುದಲ್ಲವೇ?

ಲೆಕ್ಕ ಪರಿಶೋಧನೆ, ಕಾರವಾರ

ಅಡಿಕೆಯ ಸಂಗತಿ ಬೇರೆ. ಅಲ್ಲಿ ಕಡಿಮೆಯಾಗುವುದು ನೀರಿನ ಅಂಶ. 12 ಶೇಕಡಾ ತೇವವಿದ್ದ 100 ಕ್ವಿಂಟಲ್ ಅಡಿಕೆ ಒಣಗಿ 10 ಶೇಕಡಾ ತೇವಕ್ಕೆ ಬಂದರೆ, ಒಂದು ಕಾಯಿಯೂ ಹೊರಗೆ ಹೋಗದೆ ತೂಕ ಸುಮಾರು 97.8 ಕ್ವಿಂಟಲ್ ಆಗುತ್ತದೆ. ಏಕೆಂದರೆ ಒಣ ಭಾಗವಾದ 88 ಕ್ವಿಂಟಲ್ ಈಗ ಒಟ್ಟಿನ 90 ಶೇಕಡಾ ಆಗಿರುತ್ತದೆ. ಮಳೆಗಾಲದಲ್ಲಿ ಅದು ತಿರುಗುಮುರುಗಾಗಿ ತೂಕ ಏರಲೂಬಹುದು. ಆದ್ದರಿಂದ ನೀವು ಚೀಲದ ಎಣಿಕೆಯನ್ನೂ ತೂಕವನ್ನೂ ಎರಡು ಪ್ರತ್ಯೇಕ ಲೆಕ್ಕಗಳಾಗಿ ಇಟ್ಟು, ತೂಗಿದ ದಿನದ ತೇವವನ್ನೂ ಬರೆದುಕೊಂಡರೆ ಮಾತ್ರ ತೂಕದ ಅಂತರಕ್ಕೆ ಅರ್ಥ ಬರುತ್ತದೆ. ಟೈಲ್ಸ್ ಹಾಗೆ ಒಣಗುವ ವಸ್ತುವಲ್ಲ. ಒಂದು ತುಂಡು ಇಲ್ಲವೆಂದರೆ ಅದು ಎಲ್ಲೋ ಹೋಗಿದೆ.

ಗೋಕರ್ಣ ಸ್ಟೋರ್ಸ್

ಬಾರ್‌ಕೋಡ್ ಯಂತ್ರ ಕೊಳ್ಳುವುದು ಒಳ್ಳೆಯದು. ಯಾವ ಕಂಪನಿಯದು ಉತ್ತಮವೆಂದು ಬೇಕಾದರೆ ತಿಳಿಸುತ್ತೇನೆ.

ಕುಮಟಾ ಟೈಲ್ಸ್ ಅಂಗಡಿ

ಗೋಕರ್ಣದವರಿಗೆ ಧನ್ಯವಾದ. ಹೊಸ ಯಂತ್ರದ ವಿಚಾರವನ್ನು ಮುಂದೆ ನೋಡೋಣ, ಈಗ ನನಗೆ ಬೇಕಾಗಿರುವುದು ಆಗಿಹೋದ ಅಂತರದ ಕಾರಣ.

ಕಾರವಾರದವರು ಹೇಳಿದಂತೆ ಎರಡು ದಿನ ಕುಳಿತು ನೋಡಿದೆ. ಐವರಿಯ 43 ಬಾಕ್ಸಿನ ಕೊರತೆ ಹೀಗೆ ಬಿಡಿಸಿಕೊಂಡಿತು. ಅವರು ಉದಾಹರಣೆಗೆ ಹೇಳಿದ್ದೇ ನಿಜವಾಗಿತ್ತು: ಶನಿವಾರ ಸಂಜೆ ಮಿರ್ಜಾನದ ಒಂದು ಮನೆಗೆ ಚಲನ್ ಮೇಲೆ 24 ಬಾಕ್ಸ್ ಹೋಗಿದ್ದು ಬಿಲ್ ಆಗಿರಲಿಲ್ಲ. ಅಲ್ಲಿಗೆ ಕೊರತೆ 19ಕ್ಕೆ ಇಳಿಯಿತು. ಕ್ರೀಮ್ ಎಂದು ಬಿಲ್ಲಾದ 9 ಬಾಕ್ಸ್ ಐವರಿಯೇ ಆಗಿತ್ತು. ಗಿರಾಕಿಗೆ ಫೋನ್ ಮಾಡಿ, ಅವರ ನೆಲದ ಚಿತ್ರ ತರಿಸಿ ಖಚಿತಪಡಿಸಿಕೊಂಡೆ. ಕೊರತೆ 10 ಆಯಿತು. ಇನ್ನೊಬ್ಬ ಗಿರಾಕಿ ಉಳಿದ 5 ಬಾಕ್ಸ್ ವಾಪಸು ಕೊಡುತ್ತೇನೆಂದಾಗ ನಾವು ಕ್ರೆಡಿಟ್ ನೋಟ್ ಮಾಡಿಬಿಟ್ಟಿದ್ದೆವು, ಮಾಲು ಈಗಲೂ ಅವರ ಅಂಗಳದಲ್ಲಿಯೇ ಇದೆ. ಅಲ್ಲಿಗೆ ಕೊರತೆ 5. ಗೋದಾಮಿನ ಹಿಂದಿನ ಒಡಕು ರಾಶಿಯಲ್ಲಿ ಐವರಿಯ ತುಂಡುಗಳನ್ನು ಜೋಡಿಸಿ ಎಣಿಸಿದಾಗ 12 ಟೈಲ್ಸ್, ಅಂದರೆ 3 ಬಾಕ್ಸ್ ಸಿಕ್ಕವು. ಇನ್ನು 2 ಬಾಕ್ಸ್, ಅಂದರೆ 8 ಟೈಲ್ಸ್ ಬಾಕಿ. ಅದರಲ್ಲಿ 6 ಟೈಲ್ಸನ್ನು ಶೋರೂಮಿನ ಗೋಡೆಯ ಮಾದರಿ ಹಲಗೆಗೆ ನಾವೇ ಅಂಟಿಸಿದ್ದೆವು. ಎರಡು ಟೈಲ್ಸ್ ಮಾತ್ರ ಉಳಿದವು, ಅವುಗಳ ಬೆನ್ನು ಹತ್ತುವುದಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಐವರಿ ಮತ್ತು ಕ್ರೀಮ್ ಅದಲುಬದಲಾದದ್ದು ಹೇಗೆಂದು ತಿಳಿಯುತ್ತಿಲ್ಲ. ಬಾಕ್ಸಿನ ಮೇಲೆ ಹೆಸರು ಸ್ಪಷ್ಟವಾಗಿಯೇ ಇರುತ್ತದೆ.

ಹೊನ್ನಾವರ ಹಾರ್ಡ್‌ವೇರ್

9ರ ವಿಷಯದಲ್ಲಿ ನನ್ನ ಊಹೆ ಇಲ್ಲಿ ಹೊಂದಲಿಲ್ಲ, ಆಗಲಿ. ಅದಲುಬದಲಿನ ಬಗ್ಗೆ ಮಾತ್ರ ಅನುಭವದಿಂದ ಹೇಳಬಲ್ಲೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗೋದಾಮಿನ ನೆಲ ಬೆವರುತ್ತದೆ. ಕೆಳಗಿನ ಸಾಲಿನ ರಟ್ಟಿನ ಪೆಟ್ಟಿಗೆಗಳು ಮೆತ್ತಗಾಗಿ, ಬದಿಯಲ್ಲಿ ಮುದ್ರಿಸಿದ ಡಿಸೈನ್ ಮತ್ತು ಶೇಡ್ ನಂಬರು ಅಳಿಸಿಹೋಗುತ್ತದೆ, ಕೆಲವೊಮ್ಮೆ ಪೆಟ್ಟಿಗೆಯೇ ಹರಿದುಹೋಗುತ್ತದೆ. ಹಮಾಲರು ಅಂತಹ ಟೈಲ್ಸನ್ನು ಬಣ್ಣ ನೋಡಿ ಗುರುತಿಸುತ್ತಾರೆ, ಮಂದ ಬೆಳಕಿನಲ್ಲಿ ಐವರಿಗೂ ಕ್ರೀಮಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾವು ಈಗ ಜೂನ್ ಮೊದಲೇ ಕೆಳಗಿನ ಸಾಲನ್ನು ಮರದ ಹಲಗೆಗಳ ಮೇಲೆ ಎತ್ತಿ ಇಟ್ಟು, ಪ್ರತಿ ಸಾಲಿನ ಎದುರಿನ ಗೋಡೆಯ ಮೇಲೆ ಎಣ್ಣೆ ಬಣ್ಣದಲ್ಲಿ ಹೆಸರು ಬರೆಯುತ್ತೇವೆ.

ಕುಮಟಾ ಟೈಲ್ಸ್ ಅಂಗಡಿ

ಹೌದು, ನಮ್ಮ ಕೆಳಗಿನ ಸಾಲುಗಳು ಹಾಗೆಯೇ ಆಗಿವೆ. ಈ ಮಾತು ನನಗೆ ಹೊಳೆದಿರಲಿಲ್ಲ. ಗ್ರೇ ಟೈಲ್ಸ್ ಬೇರೆ ಕೋಣೆಯಲ್ಲಿ ಒಣ ಜಾಗದಲ್ಲಿದೆ, ಅದಕ್ಕೇ ಸರಿಯಾಗಿ ಬಂದಿರಬೇಕು.

ಲೆಕ್ಕ ಪರಿಶೋಧನೆ, ಕಾರವಾರ

ಗ್ರೇ ಟೈಲ್ಸ್ ಸರಿಯಿದೆ ಎಂದು ಅದನ್ನು ಬದಿಗಿಡುವ ಮೊದಲು ಒಂದು ವಿಷಯ ತಿಳಿಸಿ. ಅದನ್ನು ಕಂಪ್ಯೂಟರಿನಲ್ಲಿ ಬಾಕ್ಸ್ ಲೆಕ್ಕದಲ್ಲಿ ಇಟ್ಟಿದ್ದೀರೋ, ಚದರಡಿಯ ಲೆಕ್ಕದಲ್ಲೋ? ಅತಿ ಹೆಚ್ಚು ಓಡಾಡುವ ಐಟಂನಲ್ಲಿ ವರ್ಷವಿಡೀ ಒಂದು ತುಂಡಿನ ಅಂತರವೂ ಬರದಿರುವುದನ್ನು ಕಂಡರೆ ನನಗೆ ಸಮಾಧಾನವಾಗುವುದಿಲ್ಲ. ಒಡಕು ರಾಶಿಯಲ್ಲಿ ಗ್ರೇ ತುಂಡುಗಳು ಇರಲಿಲ್ಲವೇ?

ಕುಮಟಾ ಟೈಲ್ಸ್ ಅಂಗಡಿ

ಉಳಿದವೆಲ್ಲ ಬಾಕ್ಸ್ ಲೆಕ್ಕದಲ್ಲಿವೆ. ಗ್ರೇ ಐಟಂ ಒಂದನ್ನು ಹಿಂದೆ ಇದ್ದ ಹುಡುಗ ಚದರಡಿಯಲ್ಲಿ ಮಾಡಿದ್ದ. ಕಂಪ್ಯೂಟರಿನಲ್ಲಿ 1,240 ಚದರಡಿ ಇದೆ, ಬಾಕ್ಸಿಗೆ 15.5ರಂತೆ ಸರಿಯಾಗಿ 80 ಬಾಕ್ಸ್. ಒಡಕು ರಾಶಿಯಲ್ಲಿ ಗ್ರೇ ಟೈಲ್ಸ್ 9 ಇದ್ದವು.

ಲೆಕ್ಕ ಪರಿಶೋಧನೆ, ಕಾರವಾರ

9 ಟೈಲ್ಸ್ ಒಡೆದಿವೆ, ಆದರೂ ಅಂತರ ಸೊನ್ನೆ ಎಂದರೆ ಎಲ್ಲೋ ಇನ್ನೊಂದು ತಪ್ಪು ಅದನ್ನು ಮುಚ್ಚಿದೆ.

2×2 ಅಡಿ ಎಂದು ಮಾರುವ ಈ ಟೈಲ್ಸಿನ ನಿಜವಾದ ಅಳತೆ 600×600 ಮಿಲಿಮೀಟರ್. ಬಾಕ್ಸಿನಲ್ಲಿ ನಾಲ್ಕು ಇದ್ದರೆ 1.44 ಚದರ ಮೀಟರ್, ಅಂದರೆ 15.5 ಚದರಡಿ. ಆದರೆ ಅನೇಕ ಅಂಗಡಿಗಳಲ್ಲಿ ಎರಡು ಅಡಿಗೆ ಎರಡು ಅಡಿ, ನಾಲ್ಕು ತುಂಡು ಎಂದು 16 ಚದರಡಿಗೆ ಬಿಲ್ ಮಾಡುವ ರೂಢಿಯಿದೆ. ನೀವು ಖರೀದಿಯನ್ನು 15.5ರಂತೆ ಸೇರಿಸಿ ಮಾರಾಟವನ್ನು 16ರಂತೆ ಕಳೆದಿದ್ದರೆ, ಪ್ರತಿ ಬಾಕ್ಸ್ ಮಾರಿದಾಗಲೂ ಪುಸ್ತಕದಿಂದ ಅರ್ಧ ಚದರಡಿ ಸುಮ್ಮನೆ ಕಡಿಮೆಯಾಗುತ್ತದೆ. ಹಾಗಾದರೆ ಗೋದಾಮಿನಲ್ಲಿ ಪುಸ್ತಕಕ್ಕಿಂತ ಹೆಚ್ಚು ಮಾಲು ಇರಲೇಬೇಕು. ಎಷ್ಟು ಬಾಕ್ಸ್ ಮಾರಾಟವಾಗಿದೆ ನೋಡಿ.

ಕುಮಟಾ ಟೈಲ್ಸ್ ಅಂಗಡಿ

ಆ ಐಟಂ ಮಾಡಿದಂದಿನಿಂದ 310 ಬಾಕ್ಸ್ ಹೋಗಿದೆ. ಅಂಗಡಿಯಲ್ಲಿ ಮಾರಿದ 240 ಬಾಕ್ಸ್ 16ರಂತೆ ಬಿಲ್ಲಾಗಿದೆ. ಗುತ್ತಿಗೆದಾರರಿಗೆ ಕೊಟ್ಟ 70 ಬಾಕ್ಸನ್ನು ಮಾತ್ರ 15.5ರಂತೆ ಮಾಡಿದ್ದೇವೆ, ಅವರು ಅಳತೆ ಹಿಡಿದು ಕೇಳುತ್ತಾರೆ.

ಲೆಕ್ಕ ಪರಿಶೋಧನೆ, ಕಾರವಾರ

ಹಾಗಿದ್ದರೆ 240 ಬಾಕ್ಸಿಗೆ ಅರ್ಧದಂತೆ 120 ಚದರಡಿ ಪುಸ್ತಕದಿಂದ ಹೆಚ್ಚು ಕಳೆದುಹೋಗಿದೆ. ಒಂದು ಟೈಲ್ಸ್ 3.875 ಚದರಡಿ ಆದ್ದರಿಂದ ಇದು 31 ಟೈಲ್ಸಿಗೆ ಸಮ, ಅಂದರೆ 7 ಬಾಕ್ಸ್ ಮತ್ತು 3 ಬಿಡಿ. ಗೋದಾಮಿನಲ್ಲಿ ಸುಮಾರು 87 ಬಾಕ್ಸ್ 3 ಬಿಡಿ ಟೈಲ್ಸ್ ಇರಬೇಕಾಗಿತ್ತು, 80 ಇದೆ. ನಿಮ್ಮ ನಿಜವಾದ ಕೊರತೆ 31 ಟೈಲ್ಸ್. ಒಡಕಿನ 9 ಕಳೆದರೆ 22ಕ್ಕೆ ವಿವರಣೆ ಇಲ್ಲ.

ಎಲ್ಲ ಐಟಂಗಳ ಹೆಚ್ಚು ಕಡಿಮೆಯನ್ನು ರೂಪಾಯಿಯಲ್ಲಿ ಕೂಡಿಸಿ ಒಟ್ಟು ಅಂತರ ಸಣ್ಣದು ಎಂದು ಬಿಡುವವರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ. ಐಟಂಗಳ ನಡುವೆ ಮಾತ್ರವಲ್ಲ, ಒಂದೇ ಐಟಂನ ಒಳಗೂ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಳ್ಳುತ್ತವೆ. ಆ ಐಟಂ ಅನ್ನು ಬಾಕ್ಸ್ ಮತ್ತು ಬಿಡಿ ಟೈಲ್ಸಿನ ಲೆಕ್ಕಕ್ಕೆ ಬದಲಿಸಿ. ಚದರಡಿಯು ದರ ಹೇಳುವುದಕ್ಕಿರಲಿ, ಸ್ಟಾಕಿಗೆ ಬೇಡ. 15.5 ಚದರಡಿಯ ಮಾಲಿಗೆ 16ರ ಹಣ ಪಡೆಯುವುದನ್ನೂ ನಿಲ್ಲಿಸಿ. ಗಿರಾಕಿಗೆ ಅದು ನ್ಯಾಯವಲ್ಲ.

ಅಂಕೋಲಾ ತೆರಿಗೆ ಸಲಹೆಗಾರ

ಕಾರಣವನ್ನು ಬೇರ್ಪಡಿಸಬೇಕಾದದ್ದಕ್ಕೆ ತೆರಿಗೆಯ ಕಡೆಯಿಂದಲೂ ಒಂದು ಬಲವಾದ ಕಾರಣವಿದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(h) ಪ್ರಕಾರ ಕಳೆದುಹೋದ, ಕಳುವಾದ, ನಾಶವಾದ, ಲೆಕ್ಕದಿಂದ ತೆಗೆದುಹಾಕಿದ ಮತ್ತು ಉಚಿತವಾಗಿ ಕೊಟ್ಟ ಮಾಲಿನ ಮೇಲೆ ಖರೀದಿಯಲ್ಲಿ ಪಡೆದ ತೆರಿಗೆ ಕ್ರೆಡಿಟ್ ಸಿಗುವುದಿಲ್ಲ, ಪಡೆದಿದ್ದರೆ ಹಿಂದಿರುಗಿಸಬೇಕು. ಐವರಿಯ ಖರೀದಿ ದರ ಬಾಕ್ಸಿಗೆ 600 ರೂಪಾಯಿ ಎಂದಿಟ್ಟುಕೊಂಡರೆ, ಒಡೆದ 3 ಬಾಕ್ಸಿನ 1,800 ರೂಪಾಯಿಗೆ 18 ಶೇಕಡಾದಂತೆ 324 ರೂಪಾಯಿ. ಇವರು 43 ಬಾಕ್ಸನ್ನೂ ಒಡಕು ಎಂದು ಬರೆದಿದ್ದರೆ 4,644 ರೂಪಾಯಿ ಹಿಂದಿರುಗಿಸಬೇಕಾಗುತ್ತಿತ್ತು, ಅದೂ ಬಹುಪಾಲು ಗಿರಾಕಿಯ ಮನೆಯಲ್ಲಿರುವ ಮಾಲಿಗೆ. ಇನ್ನೊಂದು ಕಡೆ, ಲೆಕ್ಕಕ್ಕೆ ಸಿಗದ ಮಾಲನ್ನು ಮಾರಿದ್ದಾರೆಂದೇ ಭಾವಿಸಿ ತೆರಿಗೆ ನಿರ್ಧರಿಸುವ ಅಧಿಕಾರ 35(6)ರಲ್ಲಿ ಅಧಿಕಾರಿಗೆ ಇದೆ. ಆದ್ದರಿಂದ ಒಡಕು ರಾಶಿಯನ್ನು ಎಸೆಯುವ ಮೊದಲು ಡಿಸೈನ್‌ವಾರು ಎಣಿಸಿ, ಚಿತ್ರ ತೆಗೆದು, ತಾರೀಖು ಹಾಕಿ ಇಬ್ಬರ ಸಹಿ ಮಾಡಿಸಿಡಿ.

ಭಟ್ಕಳ ಟ್ರೇಡರ್ಸ್

ಸಾಗಣೆಯಲ್ಲಿ ಸಹಜವಾಗಿ ಒಡೆಯುವ ಮಾಲಿಗೂ ಕ್ರೆಡಿಟ್ ಹಿಂದಿರುಗಿಸಬೇಕೆಂಬುದನ್ನು ನಾನು ಒಪ್ಪುವುದಿಲ್ಲ. ವ್ಯಾಪಾರದಲ್ಲಿ ಅನಿವಾರ್ಯವಾದ ನಷ್ಟ ಬೇರೆ, ನಾಶವಾದ ಮಾಲು ಬೇರೆ.

ಅಂಕೋಲಾ ತೆರಿಗೆ ಸಲಹೆಗಾರ

ತಯಾರಿಕೆಯಲ್ಲಿ ಆಗುವ ಸಹಜ ನಷ್ಟಕ್ಕೆ ನಿಮ್ಮ ವಾದ ನಿಲ್ಲುತ್ತದೆ. ಕೊಂಡು ಮಾರುವ ಅಂಗಡಿಯಲ್ಲಿ ಇಡೀ ಟೈಲ್ಸ್ ಒಡೆದು ಮಾರಾಟಕ್ಕೆ ಬಾರದಂತಾದಾಗ ಅದು ನಿಲ್ಲುತ್ತದೆಂದು ನನಗೆ ಅನ್ನಿಸುವುದಿಲ್ಲ. ಈ ವಿಷಯದಲ್ಲಿ ನಾವಿಬ್ಬರೂ ಭಿನ್ನಾಭಿಪ್ರಾಯ ಇಟ್ಟುಕೊಳ್ಳೋಣ. ಲಾರಿಯಿಂದ ಇಳಿಸುವಾಗಲೇ ಒಡಕು ಕಂಡರೆ ಸಾಗಣೆ ರಸೀದಿಯ ಮೇಲೆ ಬರೆಸಿ, ಮಾರಿದವರಿಂದ ಕ್ರೆಡಿಟ್ ನೋಟ್ ಪಡೆದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಕುಮಟಾ ಟೈಲ್ಸ್ ಅಂಗಡಿ

ಇನ್ನು ನಲ್ಲಿಗಳ ವಿಷಯ. 13 ಕಡಿಮೆ ಇವೆ. ಒಂದು ಪೆಟ್ಟಿಗೆಗೆ 12 ನಲ್ಲಿ ಬರುವುದರಿಂದ ಒಂದು ಪೆಟ್ಟಿಗೆ ಇಳಿಸದೆಯೇ ಬರೆದಿರಬಹುದೆಂದು ಎಲ್ಲ ಖರೀದಿ ಬಿಲ್ಲುಗಳನ್ನೂ ನೋಡಿದೆ. ಬಂದ ಪೆಟ್ಟಿಗೆಗಳು ಸರಿಯಿವೆ. ಒಡೆದದ್ದೂ ಇಲ್ಲ, ಹೋಲುವ ಇನ್ನೊಂದು ನಲ್ಲಿ ಹೆಚ್ಚೂ ಬಂದಿಲ್ಲ.

ಲೆಕ್ಕ ಪರಿಶೋಧನೆ, ಕಾರವಾರ

ಪ್ಲಂಬರುಗಳು ಮನೆಯವರಿಗೆ ತೋರಿಸಲೆಂದು ಒಯ್ಯುವ ರೂಢಿ ಇದ್ದರೆ ಮೊದಲು ಅದನ್ನು ವಿಚಾರಿಸಿ. ಅದೂ ಮುಗಿದ ಮೇಲೆ ಉಳಿದದ್ದು ಕಳ್ಳತನವಿರಬಹುದು, ಆದರೆ ವರ್ಷಕ್ಕೊಮ್ಮೆ ಎಣಿಸಿದರೆ ಯಾವಾಗ ಹೋಯಿತೆಂದು ಎಂದಿಗೂ ತಿಳಿಯುವುದಿಲ್ಲ. ನಲ್ಲಿಯಂತಹ ಸಣ್ಣ, ಬೆಲೆಬಾಳುವ, ಹೊರಗೆ ಸುಲಭವಾಗಿ ಮಾರಬಹುದಾದ ಐದಾರು ಐಟಂಗಳನ್ನು ಮಾತ್ರ ಆರಿಸಿ, ಶನಿವಾರ ಅಂಗಡಿ ಮುಚ್ಚುವಾಗಲೂ ಸೋಮವಾರ ತೆರೆಯುವಾಗಲೂ ಎಣಿಸಿ. ಎಣಿಸುವವರಿಗೆ ಕಂಪ್ಯೂಟರಿನ ಸಂಖ್ಯೆ ತಿಳಿದಿರಬಾರದು. ತಿಳಿದಿದ್ದರೆ ಕಣ್ಣು ಆ ಸಂಖ್ಯೆಯನ್ನೇ ಹುಡುಕುತ್ತದೆ. ಮಾರಾಟದ ಹೊತ್ತಿನಲ್ಲಿ ಹೋಗುತ್ತಿದ್ದರೆ ಬಿಲ್ಲಿಲ್ಲದೆ ಕೊಡುವುದನ್ನು ಸಂಶಯಿಸಬೇಕು, ಮುಚ್ಚಿದ ಹೊತ್ತಿನಲ್ಲಿ ಹೋಗುತ್ತಿದ್ದರೆ ಬೀಗದ ಕೈಯನ್ನು.

ಅಂಕೋಲಾ ತೆರಿಗೆ ಸಲಹೆಗಾರ

ವಿಮೆಯ ಮೇಲೆ ಭರವಸೆ ಇಡಬೇಡಿ. ಅಂಗಡಿ ಕಳ್ಳತನದ ಪಾಲಿಸಿಗಳು ಸಾಮಾನ್ಯವಾಗಿ ಬೀಗ ಮುರಿದ ಗುರುತನ್ನು ಕೇಳುತ್ತವೆ. ಎಣಿಕೆಯಲ್ಲಿ ಕಂಡುಬಂದ ಕಾರಣವಿಲ್ಲದ ಕೊರತೆಯನ್ನು ಅವು ಹೊರಗಿಡುತ್ತವೆ.

ಕುಮಟಾ ಟೈಲ್ಸ್ ಅಂಗಡಿ

ಮೂರು ವಾರ ಕಳೆದ ಮೇಲೆ ಬರೆಯುತ್ತಿದ್ದೇನೆ. ಇಬ್ಬರು ಪ್ಲಂಬರುಗಳ ಬಳಿ ಒಟ್ಟು 5 ನಲ್ಲಿಗಳು ಇದ್ದವು. ಕೇಳಿದ ಕೂಡಲೇ ಒಬ್ಬರು ವಾಪಸು ಕೊಟ್ಟರು, ಇನ್ನೊಬ್ಬರು ಹಣ ಕೊಟ್ಟರು. ಈಗ ತೋರಿಸಲು ಒಯ್ಯುವ ಸಾಮಾನಿಗೆ ಪ್ರತ್ಯೇಕ ಪುಸ್ತಕ ಇಟ್ಟು ಸಹಿ ಪಡೆಯುತ್ತಿದ್ದೇವೆ. ಬಾಕಿ 8. ಮೊದಲ ವಾರದ ಎಣಿಕೆಯಲ್ಲಿ ಏನೂ ಕಡಿಮೆಯಾಗಲಿಲ್ಲ. ಎರಡನೆಯ ವಾರ ಶನಿವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆಯೊಳಗೆ 2 ನಲ್ಲಿ ಕಡಿಮೆಯಾದವು. ಮೂರನೆಯ ವಾರ ಮತ್ತೆ ಸರಿಯಿತ್ತು. ಬೀಗದ ಕೈ ನನ್ನನ್ನು ಬಿಟ್ಟು ಇನ್ನೊಬ್ಬರ ಬಳಿ ಇರುತ್ತದೆ.

ಲೆಕ್ಕ ಪರಿಶೋಧನೆ, ಕಾರವಾರ

ಒಂದು ವಾರದ ಎರಡು ನಲ್ಲಿಯಿಂದ ಒಬ್ಬರ ಮೇಲೆ ಮಾತು ಹೊರಿಸಬೇಡಿ. ಶನಿವಾರದ ಎಣಿಕೆಯೇ ಎರಡು ಹೆಚ್ಚಾಗಿದ್ದಿರಬಹುದು. ಮುಂದಿನ ಶನಿವಾರಗಳಲ್ಲಿ ಇಬ್ಬರು ಬೇರೆಬೇರೆಯಾಗಿ ಎಣಿಸಿ, ಎರಡೂ ಚೀಟಿಗಳು ಒಂದೇ ಆಗಿದ್ದರೆ ಮಾತ್ರ ಅದನ್ನು ಸಂಖ್ಯೆಯೆಂದು ಹಿಡಿಯಿರಿ. ನಲ್ಲಿಗಳನ್ನು ಬೇರೆ ಬೀಗದ ಕಪಾಟಿನಲ್ಲಿಟ್ಟು ಅದರ ಕೈಯನ್ನು ನೀವೊಬ್ಬರೇ ಇಟ್ಟುಕೊಂಡು ನೋಡಿ. ಕೊರತೆ ನಿಂತರೆ ದಾರಿ ಯಾವುದಿತ್ತೆಂದು ತಿಳಿಯುತ್ತದೆ, ಯಾರೆಂದು ಆಗಲೂ ತಿಳಿಯುವುದಿಲ್ಲ. ಗ್ರೇ ಟೈಲ್ಸಿನ 22ರ ಕಥೆ ಏನಾಯಿತು?

ಕುಮಟಾ ಟೈಲ್ಸ್ ಅಂಗಡಿ

ಅದು ಸಿಕ್ಕಿಲ್ಲ. ಮೇಸ್ತ್ರಿಗಳು ಕೆಲಸದ ಕೊನೆಗೆ ಒಂದೆರಡು ಟೈಲ್ಸ್ ಕಡಿಮೆಯಾಯಿತೆಂದು ಬಂದಾಗ ನಮ್ಮ ಹುಡುಗರು ಬಿಲ್ಲಿಲ್ಲದೆ ಕೊಟ್ಟು ಕಳುಹಿಸುವುದುಂಟು ಎಂದು ಅವರೇ ಹೇಳಿದರು, ಆದರೆ ಎಷ್ಟು ಎಂದು ಯಾರಿಗೂ ನೆನಪಿಲ್ಲ. ಚಲನ್, ಅದಲುಬದಲು ಮತ್ತು ಕ್ರೆಡಿಟ್ ನೋಟಿನ ತಪ್ಪುಗಳನ್ನು ಅವುಗಳ ಜಾಗದಲ್ಲಿಯೇ ತಿದ್ದಿದ್ದೇನೆ. ಒಡಕು ಮತ್ತು ಮಾದರಿ ಹಲಗೆಯ ಟೈಲ್ಸನ್ನು ಸ್ಟಾಕ್ ಜರ್ನಲ್ಲಿನಲ್ಲಿ ಕಾರಣ ಬರೆದು ತೆಗೆದಿದ್ದೇನೆ. ಐವರಿಯ 2 ಮತ್ತು ಗ್ರೇಯ 22 ಟೈಲ್ಸನ್ನು ಮಾತ್ರ ಕಾರಣ ತಿಳಿಯದ ಕೊರತೆ ಎಂದೇ ಹೆಸರಿಸಿ, ತೆರಿಗೆ ಹಿಂದಿರುಗಿಸುವ ಪಟ್ಟಿಗೆ ಸೇರಿಸಿದ್ದೇನೆ. ನಲ್ಲಿಗಳಿಗೆ ನಿನ್ನೆ ಕಪಾಟು ತರಿಸಿದೆ. ಅದರ ಎಣಿಕೆ ಬಂದ ಮೇಲೆ ಇಲ್ಲಿಯೇ ಬರೆಯುತ್ತೇನೆ.